ಬೇರೆಯವರು ಮಾಡಿದ ಪಿಪಿಟಿಗೆ ನೋಟ್ಸ್ ಬರೆಯುವುದು: ಹಾವು ಕಡಿತದ 22 ಸ್ಲೈಡ್‌ಗಳ ಕೆಲಸ

ಇಲ್ಲಿ ಕೈಗೆತ್ತಿಕೊಂಡಿರುವುದು ಆಶಾ ಕಾರ್ಯಕರ್ತೆಯರ ಸಭೆಯಲ್ಲಿ ಹಾವು ಕಡಿತದ ಬಗ್ಗೆ ತೋರಿಸುವ 22 ಸ್ಲೈಡ್‌ಗಳ ಒಂದು ಪಿಪಿಟಿ. ಮಾಡಿದವರು ವರ್ಗವಾಗಿ ಹೋಗಿದ್ದಾರೆ. ತೋರಿಸಬೇಕಾದವರು ಈಗಷ್ಟೇ ಬಂದಿರುವ ಸಮುದಾಯ ಆರೋಗ್ಯಾಧಿಕಾರಿ. ಸಿಕ್ಕಿರುವುದು 40 ನಿಮಿಷ, ಅದರಲ್ಲಿ 10 ನಿಮಿಷ ಪ್ರಶ್ನೆಗೆ. ಸ್ಲೈಡ್‌ಗಳಲ್ಲಿ ಫೋಟೊ, ದೊಡ್ಡ ಅಂಕಿ, ಅಲ್ಲೊಂದು ಇಲ್ಲೊಂದು ಸಾಲು ಬಿಟ್ಟರೆ ಬೇರೇನೂ ಇಲ್ಲ. ಉಳಿದದ್ದೆಲ್ಲ ಮಾಡಿದವರ ತಲೆಯಲ್ಲಿತ್ತು, ಅವರ ಜೊತೆಗೇ ಹೋಯಿತು.

ಇಂಥ ಫೈಲು ಕೈಗೆ ಬಂದಾಗ ಸ್ಲೈಡ್ 1 ತೆರೆದು, ಕೆಳಗಿನ ನೋಟ್ಸ್ ಜಾಗದಲ್ಲಿ ಟೈಪ್ ಮಾಡುತ್ತಾ ಹೊರಟುಬಿಡುವುದು ಸಾಮಾನ್ಯ. ಹಾಗೆ ಬರೆದ ನೋಟ್ಸ್ ಸ್ಲೈಡಿನಲ್ಲಿ ಇರುವುದನ್ನೇ ಇನ್ನೊಮ್ಮೆ ಹೇಳುತ್ತದೆ, ಅಷ್ಟೆ. ಬೇಕಾದದ್ದು ಅದಲ್ಲ. ಈ ಸ್ಲೈಡ್ ಇಲ್ಲಿ ಯಾಕಿದೆ, ಇದರಲ್ಲಿರುವ ಮಾತಿಗೆ ಆಧಾರ ಎಲ್ಲಿದೆ, ಯಾರಾದರೂ ಕೇಳಿದರೆ ಏನು ಹೇಳಬೇಕು ಎನ್ನುವುದು ಬೇಕು. ಅದನ್ನು ಹುಡುಕದೆ ಬರೆಯಲು ಆಗುವುದಿಲ್ಲ. ಹಾಗಾಗಿ ಅರ್ಧಕ್ಕಿಂತ ಹೆಚ್ಚು ಹೊತ್ತು ಬರೆಯುವ ಮೊದಲೇ ಖರ್ಚಾಗುತ್ತದೆ.

ಒಳಗೆ ಏನಿದೆ ಎಂದು ಮೊದಲು ನೋಡುವುದು

ಮೂಲ ಫೈಲನ್ನು ಮುಟ್ಟದೆ ಒಂದು ಕಾಪಿ ಮಾಡಿಕೊಂಡು ಅದರಲ್ಲೇ ಕೆಲಸ ಮಾಡಬೇಕು. ಹಳೆಯ ನೋಟ್ಸ್ ಇದೆಯೇ, ಮುಚ್ಚಿಟ್ಟ ಸ್ಲೈಡ್ ಎಷ್ಟು ಎಂದು ಕಣ್ಣಲ್ಲೇ ಹುಡುಕಬಹುದು, ಆದರೆ ಒಂದೆರಡು ತಪ್ಪಿಹೋಗುತ್ತವೆ. ಪೈಥಾನ್ ಬರುವವರು ಹತ್ತಿರದಲ್ಲಿದ್ದರೆ ಇಷ್ಟು ಸಾಕು:

```python
from pptx import Presentation

p = Presentation("havu_copy.pptx")
for n, s in enumerate(p.slides, 1):
    hidden = s._element.get("show") == "0"
    old = ""
    if s.has_notes_slide and s.notes_slide.notes_text_frame is not None:
        old = s.notes_slide.notes_text_frame.text
    print(n, "HIDDEN" if hidden else "", repr(old))
```

ಇದಕ್ಕೆ `python-pptx` ಬೇಕು. `has_notes_slide` ಕೇಳಿಯೇ ಮುಂದೆ ಹೋಗಬೇಕು. ಅದನ್ನು ಬಿಟ್ಟು ನೇರವಾಗಿ `notes_slide` ಮುಟ್ಟಿದರೆ, ನೋಟ್ಸ್ ಇಲ್ಲದ ಸ್ಲೈಡಿಗೂ ಖಾಲಿ ಪುಟವೊಂದು ಹುಟ್ಟಿಕೊಳ್ಳುತ್ತದೆ.

ಈ ಫೈಲಿನಲ್ಲಿ ಮುಚ್ಚಿಟ್ಟ ಸ್ಲೈಡ್ ಎರಡು ಸಿಕ್ಕವು. ಮೂರು ಸ್ಲೈಡ್‌ಗಳಲ್ಲಿ ಹಳೆಯ ನೋಟ್ಸ್ ಇತ್ತು. ಅವುಗಳಲ್ಲಿ ಒಂದು ವೈದ್ಯರ ತರಬೇತಿಗೆ ಬರೆದದ್ದು: ಬೇರೆ ಪಿಪಿಟಿಯಿಂದ ಸ್ಲೈಡನ್ನು ಕಾಪಿ ಮಾಡಿ ಅಂಟಿಸಿದಾಗ ಅದರ ನೋಟ್ಸ್ ಕೂಡ ಸದ್ದಿಲ್ಲದೆ ಬಂದುಬಿಡುತ್ತದೆ. ಆದ್ದರಿಂದ ಹಳೆಯ ನೋಟ್ಸ್ ಕಂಡ ಮಾತ್ರಕ್ಕೆ ಅದು ಈ ಸಭೆಗೇ ಬರೆದದ್ದು ಎಂದುಕೊಳ್ಳಬಾರದು. ಅಳಿಸುವುದೂ ಬೇಡ. ಬೇರೆ ಕಡೆ ತೆಗೆದಿಟ್ಟುಕೊಂಡರೆ ಅಂಕಿಗಳ ಮೂಲ ಹುಡುಕುವಾಗ ಅದೇ ಸುಳಿವು ಕೊಡುತ್ತದೆ.

ಇನ್ನೊಂದು ನೋಟ್ಸ್ ಹೀಗೆ ಶುರುವಾಗಿತ್ತು: `PÀ£ÀßqÀ`. ಫೈಲು ಕೆಟ್ಟಿಲ್ಲ. ಇದು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ‘ಕನ್ನಡ’. ಸ್ಲೈಡಿನ ಮೇಲೆ ಆ ಫಾಂಟ್ ಹಾಕಿರುವುದರಿಂದ ಅಕ್ಷರ ಸರಿಯಾಗಿ ಕಾಣುತ್ತದೆ. ಕೆಳಗಿನ ನೋಟ್ಸ್ ಜಾಗ ಆ ಫಾಂಟನ್ನು ತೋರಿಸುವುದಿಲ್ಲ, ಹಾಗಾಗಿ ಅಲ್ಲಿ ಒಳಗಿನ ಇಂಗ್ಲಿಷ್ ಚಿಹ್ನೆಗಳೇ ಕಾಣುತ್ತವೆ. ಸ್ಲೈಡಿನಿಂದ ಒಂದು ಸಾಲನ್ನು ಕಾಪಿ ಮಾಡಿ ನೋಟ್ಸಿಗೆ ಹಾಕಿದರೂ ಇದೇ ಗತಿ. ನೋಟ್ಸನ್ನು ಯುನಿಕೋಡಿನಲ್ಲೇ ಬರೆಯಬೇಕು. ಹಳೆಯದು ಬೇಕೆಂದರೆ ಕನ್ವರ್ಟರಿಗೆ ಹಾಕಿ ತೆಗೆಯಬಹುದು, ಆದರೆ ಆಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಲೇಬೇಕು. ‘ಸರ್ಪ’, ‘ವರ್ಷ’, ‘ಕಾರ್ಯಕರ್ತೆ’ ಇಂಥವುಗಳಲ್ಲೇ ಅಕ್ಷರ ಹಿಂದುಮುಂದಾಗುವುದು.

ಕೊನೆಯದಾಗಿ ಅನಿಮೇಷನ್. `Animations` ಟ್ಯಾಬ್ ತೆರೆದರೆ ಪ್ರತಿ ವಸ್ತುವಿನ ಪಕ್ಕ ಚಿಕ್ಕ ಅಂಕಿ ಕಾಣುತ್ತದೆ. ಅದು ಎಷ್ಟನೇ ಕ್ಲಿಕ್ಕಿಗೆ ಆ ವಸ್ತು ಬರುತ್ತದೆ ಅಥವಾ ಹೋಗುತ್ತದೆ ಎಂಬ ಲೆಕ್ಕ. 0 ಇದ್ದರೆ ಕ್ಲಿಕ್ ಬೇಡ, ತಾನಾಗಿ ಬರುತ್ತದೆ. ಸ್ಲೈಡ್ ನಂಬರ್, ಕ್ಲಿಕ್ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇದು ಯಾಕೆ ಬೇಕು ಎನ್ನುವುದು ಸ್ಲೈಡ್ 11ಕ್ಕೆ ಬಂದಾಗ ಗೊತ್ತಾಗುತ್ತದೆ.

ಪ್ರತಿ ಸ್ಲೈಡಿಗೆ ಒಂದೇ ವಾಕ್ಯ

ಅದೇ ಹಾಳೆಯಲ್ಲಿ ಪ್ರತಿ ಸ್ಲೈಡಿನ ಮುಂದೆ ಒಂದು ವಾಕ್ಯ: ಇದನ್ನು ನೋಡಿದ ಮೇಲೆ ಆಶಾ ಕಾರ್ಯಕರ್ತೆಗೆ ಏನು ಗೊತ್ತಾಗಿರಬೇಕು? ‘ಹಾವುಗಳ ಬಗ್ಗೆ’ ಎಂದು ಬರೆದರೆ ಅದು ವಾಕ್ಯವಲ್ಲ, ತಲೆಬರಹ. ‘ಕಟ್ಟುಹಾವು ಕಚ್ಚಿದರೆ ಗಾಯವೂ ಕಾಣದಿರಬಹುದು, ನೋವೂ ಇರದಿರಬಹುದು’ ಎನ್ನುವುದು ವಾಕ್ಯ. ವಾಕ್ಯ ಬರದ ಸ್ಲೈಡುಗಳಿಗೆ ಗೆರೆ ಎಳೆದು ಬಿಡಿ. ಇಲ್ಲಿ ಐದಕ್ಕೆ ಗೆರೆ ಬಿತ್ತು.

ಆ ಐದರ ಬಗ್ಗೆ ಮಾತ್ರ ಮಾಡಿದವರಿಗೆ ಫೋನ್ ಮಾಡುವುದು ಒಳ್ಳೆಯದು. ‘ಮೇಡಂ, ನಿಮ್ಮ ಪಿಪಿಟಿ ಸ್ವಲ್ಪ ವಿವರಿಸ್ತೀರಾ?’ ಎಂದರೆ ಅವರು ‘ಎಲ್ಲ ಅದರಲ್ಲೇ ಇದೆಯಲ್ಲ’ ಎಂದು ಮುಗಿಸುತ್ತಾರೆ. ‘ಮೇಡಂ, ಸ್ಲೈಡ್ 4ರಲ್ಲಿ 46,000 ಅಂತ ಇದೆಯಲ್ಲ, ಅದು ಯಾವ ವರ್ಷದ್ದು?’ ಎಂದರೆ ಉತ್ತರ ಬರುತ್ತದೆ. ಅವರಿಗೂ ನೆನಪಿಲ್ಲದಿದ್ದರೆ ಆ ಸ್ಲೈಡ್ ಇಷ್ಟು ದಿನ ಯಾರ ಆಧಾರವೂ ಇಲ್ಲದೆ ಓಡುತ್ತಿತ್ತು ಎಂದಾಯಿತು. ಅದೂ ಒಂದು ಉತ್ತರವೇ.

ಸ್ಲೈಡ್ 4: ಒಂದು ಅಂಕಿ, ಬೇರೇನೂ ಇಲ್ಲ

ಕಪ್ಪು ಹಿನ್ನೆಲೆ, ನಡುವೆ ದಪ್ಪಕ್ಷರದಲ್ಲಿ ‘46,000’, ಕೆಳಗೆ ‘ವರ್ಷಕ್ಕೆ’. ಇಂಥ ಸ್ಲೈಡಿಗೆ ನೋಟ್ಸ್ ಬರೆಯುವುದೆಂದರೆ ಅಂಕಿಯ ಹುಟ್ಟೂರು ಹುಡುಕುವುದು. ಇದು 2011ರಲ್ಲಿ ಪ್ರಕಟವಾದ, ಭಾರತದ ಮಿಲಿಯನ್ ಡೆತ್ ಸ್ಟಡಿಯ ಲೆಕ್ಕ. ಅದರ ಪ್ರಕಾರ 2005ರಲ್ಲಿ ದೇಶದಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 45,900. ಆಮೇಲೆ 2020ರಲ್ಲಿ ಅದೇ ಅಧ್ಯಯನದ ಮುಂದುವರಿದ ಲೆಕ್ಕ ಬಂತು: 2000ದಿಂದ 2019ರವರೆಗೆ ಒಟ್ಟು ಸುಮಾರು 12 ಲಕ್ಷ ಸಾವು, ವರ್ಷಕ್ಕೆ ಸರಾಸರಿ 58,000.

ಅಂದರೆ ಸ್ಲೈಡಿನ ಅಂಕಿ ಸುಳ್ಳಲ್ಲ, ಹಳೆಯದು. ಆದರೆ ಸಭೆಯಲ್ಲಿ ಯಾರಾದರೂ ‘ಪೇಪರಿನಲ್ಲಿ 58 ಸಾವಿರ ಅಂತ ಓದಿದ್ದೆ’ ಎಂದಾಗ ತಯಾರಿ ಇಲ್ಲದವರು ತಡವರಿಸುತ್ತಾರೆ, ಅಲ್ಲಿಂದ ಮುಂದಿನ ಸ್ಲೈಡುಗಳ ಮೇಲೂ ನಂಬಿಕೆ ಹೋಗುತ್ತದೆ. ಇನ್ನೊಂದು ಪ್ರಶ್ನೆ ಹೆಚ್ಚು ಕಷ್ಟದ್ದು: ‘ನಮ್ಮ ಆಸ್ಪತ್ರೆ ರಿಜಿಸ್ಟರಿನಲ್ಲಿ ಇಷ್ಟು ಸಾವೇ ಇಲ್ಲವಲ್ಲ?’ ಇದಕ್ಕೆ ಉತ್ತರ ಆ ಅಧ್ಯಯನ ನಡೆದ ರೀತಿಯಲ್ಲೇ ಇದೆ. ಅವರು ಆಸ್ಪತ್ರೆಯ ದಾಖಲೆ ನೋಡಲಿಲ್ಲ, ಸಾವಾದ ಮನೆಗೆ ಹೋಗಿ ಮನೆಯವರನ್ನು ಕೇಳಿದರು. ಹಾವು ಕಚ್ಚಿ ಸತ್ತವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಸತ್ತದ್ದು ಆಸ್ಪತ್ರೆಯ ಹೊರಗೆ. ಅವರ ಹೆಸರು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಬಂದಿರುವುದಿಲ್ಲ.

ಇದೆಲ್ಲ ಗೊತ್ತಾದ ಮೇಲೆ ನೋಟ್ಸ್ ಹೀಗೆ ಬಂತು:

> ಹಾವು ಕಚ್ಚಿ ಸತ್ತವರಲ್ಲಿ ಹೆಚ್ಚಿನವರು ಆಸ್ಪತ್ರೆಗೆ ತಲುಪಿಯೇ ಇರಲಿಲ್ಲ.
> [ಕ್ಲಿಕ್: ಅಂಕಿ ಬರುತ್ತದೆ]
> ಇದು 2005ರ ಲೆಕ್ಕ, ಇಡೀ ದೇಶದ್ದು. ಹೊಸ ಲೆಕ್ಕದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ.
> ಮನೆಯಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ನಿಲ್ಲುವವರು ನೀವು. ಅದಕ್ಕೇ ಈ ಸಭೆ.
> — ಕೇಳಿದರೆ: ರಿಜಿಸ್ಟರಿನಲ್ಲಿ ಯಾಕಿಲ್ಲ? → ಮನೆಮನೆಗೆ ಹೋಗಿ ಕೇಳಿದ ಲೆಕ್ಕ ಇದು. ಮುಕ್ಕಾಲು ಪಾಲು ಸಾವು ಆಸ್ಪತ್ರೆಯ ಹೊರಗೆ.
> — ಮೂಲ: ಮಿಲಿಯನ್ ಡೆತ್ ಸ್ಟಡಿ, 2011 ಮತ್ತು 2020.

ಮೊದಲ ಸಾಲು ಬಾಯಲ್ಲಿ ಹೇಳುವ ಹಾಗೆಯೇ ಪೂರ್ತಿ ಇರಬೇಕು, ಯಾಕೆಂದರೆ ಸ್ಲೈಡ್ ಬದಲಾದ ಆ ಒಂದು ಕ್ಷಣದಲ್ಲೇ ನಾಲಿಗೆ ಕಟ್ಟುವುದು. ಮಾತಿನ ಕೊನೆಯ ಸಾಲು ಮುಂದಿನ ಸ್ಲೈಡಿಗೆ ಕರೆದೊಯ್ಯಬೇಕು. ಅಡ್ಡಗೆರೆಯಿಂದ ಶುರುವಾಗುವ ಸಾಲುಗಳು ಓದಲಿಕ್ಕಲ್ಲ, ಕೇಳಿದರೆ ಮಾತ್ರ. ಈ ಗೆರೆಯನ್ನು ಎಲ್ಲ ಸ್ಲೈಡಿನಲ್ಲೂ ಒಂದೇ ರೀತಿ ಹಾಕಿ. ಇಲ್ಲದಿದ್ದರೆ ಓದುತ್ತಾ ಹೋದವರು ‘ಕೇಳಿದರೆ’ ಎನ್ನುವುದನ್ನೂ ಜೋರಾಗಿ ಓದಿಬಿಡುತ್ತಾರೆ.

ಅಂಕಿಯನ್ನು ಸ್ಲೈಡಿನಲ್ಲೇ ಬದಲಾಯಿಸಬಹುದಿತ್ತಲ್ಲ? ಬದಲಾಯಿಸುವ ಅಧಿಕಾರ ಇದ್ದರೆ ಬದಲಾಯಿಸಿ. ಎಷ್ಟೋ ಸಲ ಪಿಪಿಟಿ ಮೇಲಿನಿಂದ ಬಂದಿರುತ್ತದೆ, ಸ್ಲೈಡ್ ಮುಟ್ಟುವ ಹಾಗಿರುವುದಿಲ್ಲ. ಆಗ ತಿದ್ದುಪಡಿಗೆ ಇರುವ ಜಾಗ ನೋಟ್ಸ್ ಮಾತ್ರ.

ಸ್ಲೈಡ್ 11: ಕ್ಲಿಕ್ ತಪ್ಪಿದರೆ ಪಾಠವೇ ಉಲ್ಟಾ

ತಲೆಬರಹ ‘ಪ್ರಥಮ ಚಿಕಿತ್ಸೆ’. ಕಾಲಿಗೆ ಹಾವು ಕಚ್ಚಿದ ಜಾಗದ ಮೇಲೆ ಹಗ್ಗ ಬಿಗಿದಿರುವ ಚಿತ್ರ. ಪಕ್ಕದಲ್ಲಿ ಬ್ಲೇಡು. ಸ್ಲೈಡ್ ಷೋ ಶುರುವಾದಾಗ ಇಷ್ಟೇ ಕಾಣುವುದು. ಕೆಂಪು ಅಡ್ಡಗೀಟು ಬರುವುದು ಮೂರನೇ ಕ್ಲಿಕ್ಕಿಗೆ.

ಎಡಿಟ್ ಮಾಡುವಾಗ ಗೀಟು ಸದಾ ಕಾಣುತ್ತಿರುವುದರಿಂದ ಇದು ಹೊಳೆಯುವುದೇ ಇಲ್ಲ. ಮಾಡಿದವರ ಯೋಚನೆ ಚೆನ್ನಾಗಿಯೇ ಇತ್ತು: ಮೊದಲು ‘ಏನು ಮಾಡ್ತೀರಿ?’ ಎಂದು ಕೇಳಿ, ಉತ್ತರ ಬಂದ ಮೇಲೆ ಗೀಟು ಎಳೆಯುವುದು. ಅದು ಗೊತ್ತಿಲ್ಲದವರು ಈ ಚಿತ್ರದ ಮುಂದೆ ನಿಂತು ಎರಡು ನಿಮಿಷ ಮಾತಾಡಿದರೆ, ಕೂತವರ ಕಣ್ಣಲ್ಲಿ ಉಳಿಯುವುದು ಹಗ್ಗ ಬಿಗಿದ ಕಾಲು. ಅದೂ ಊರಲ್ಲಿ ಎಲ್ಲರೂ ಮಾಡುವುದೇ ಅದಾಗಿರುವಾಗ.

ಇಲ್ಲಿ ನೋಟ್ಸಿನಲ್ಲಿ ಕ್ಲಿಕ್ಕಿನ ಗುರುತು ಮಾತಿನ ನಡುವೆ ಸರಿಯಾದ ಜಾಗದಲ್ಲೇ ಕೂರಬೇಕು:

> ಹಾವು ಕಚ್ಚಿದ ತಕ್ಷಣ ನಮ್ಮೂರಲ್ಲಿ ಏನು ಮಾಡ್ತಾರೆ? (ಇಬ್ಬರ ಉತ್ತರ ಕೇಳಿ, ಹೆಚ್ಚು ಬೇಡ)
> [ಕ್ಲಿಕ್ 1: ‘ಕಟ್ಟುವುದು’] [ಕ್ಲಿಕ್ 2: ‘ಕೊಯ್ಯುವುದು’]
> ಈ ಎರಡೂ ಮಾಡಬಾರದು. [ಕ್ಲಿಕ್ 3: ಕೆಂಪು ಗೀಟು. ಬಂತೇ ಎಂದು ಪರದೆ ನೋಡಿ]
> ಬಿಗಿದರೆ ರಕ್ತ ಓಡಾಟ ನಿಂತು ಕಾಲೇ ಕೆಡಬಹುದು. ಕಟ್ಟಿದ್ದೇವಲ್ಲ ಎಂಬ ಧೈರ್ಯದಲ್ಲಿ ಆಸ್ಪತ್ರೆಗೆ ಹೊರಡುವುದೂ ತಡ.
> ಮಾಡಬೇಕಾದ್ದು: ಧೈರ್ಯ ಹೇಳಿ. ನಡೆಸಬೇಡಿ. ಕೈಕಾಲು ಮುರಿದಾಗ ಪಟ್ಟಿ ಇಟ್ಟು ಅಲ್ಲಾಡದಂತೆ ಮಾಡುವ ಹಾಗೆ ಮಾಡಿ. 108ಕ್ಕೆ ಫೋನ್ ಮಾಡಿ, ಪ್ರತಿವಿಷ ಇರುವ ಆಸ್ಪತ್ರೆಗೆ.
> — ಕೇಳಿದರೆ: ನಾವು ಹೋಗುವಷ್ಟರಲ್ಲಿ ಕಟ್ಟಿಬಿಟ್ಟಿದ್ದರೆ? → ದಾರಿಯಲ್ಲಿ ಥಟ್ಟನೆ ಬಿಚ್ಚಬೇಡಿ. ವಿಷ ಒಮ್ಮೆಲೇ ಮೈಗೆ ಹರಡಬಹುದು. ಆಸ್ಪತ್ರೆಯಲ್ಲಿ ವೈದ್ಯರ ಎದುರು ಬಿಚ್ಚಲಿ.

ಕೊನೆಯ ಪ್ರಶ್ನೆ ಬಂದೇ ಬರುತ್ತದೆ. ಸ್ಲೈಡಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಇನ್ನೊಬ್ಬರ ಪಿಪಿಟಿಯಲ್ಲಿ ನೋಟ್ಸ್ ಬರೆಯುವವರು ಹುಡುಕಬೇಕಾದದ್ದು ಇಂಥ ಖಾಲಿ ಜಾಗವನ್ನು: ಸ್ಲೈಡ್ ‘ಮಾಡಬೇಡಿ’ ಎನ್ನುತ್ತದೆ, ಆಗಲೇ ಮಾಡಿಬಿಟ್ಟಿದ್ದರೆ ಏನು ಎನ್ನುವುದನ್ನು ಹೇಳುವುದಿಲ್ಲ.

ಹೆಸರಿಲ್ಲದ ಫೋಟೊ, ಅಳತೆಯಿಲ್ಲದ ಚಾರ್ಟ್

ಸ್ಲೈಡ್ 7ರಲ್ಲಿ ನಾಲ್ಕು ಹಾವು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಮೂರರ ಫೋಟೊ ಬಗ್ಗೆ ಅನುಮಾನವಿಲ್ಲ. ಕಟ್ಟುಹಾವು ಎಂದು ಹಾಕಿರುವುದು ನಿಜಕ್ಕೂ ಅದೇನಾ ಎಂದು ನೋಡಬೇಕು, ಯಾಕೆಂದರೆ ವಿಷವಿಲ್ಲದ ತೋಳಹಾವಿನ ಫೋಟೊವನ್ನು ಕಟ್ಟುಹಾವು ಎಂದು ಹಾಕುವುದು ಬಹಳ ಸಾಮಾನ್ಯ ತಪ್ಪು. ಕಟ್ಟುಹಾವಿನ ಬಿಳಿ ಪಟ್ಟೆಗಳು ಬಾಲದ ಕಡೆ ಎದ್ದು ಕಾಣುತ್ತವೆ, ತಲೆಯ ಕಡೆ ಮಾಸಿರುತ್ತವೆ ಅಥವಾ ಇರುವುದೇ ಇಲ್ಲ. ತೋಳಹಾವಿನಲ್ಲಿ ಇದು ತಿರುಗುಮುರುಗು: ಕುತ್ತಿಗೆಯ ಹತ್ತಿರವೇ ಪಟ್ಟೆ ಶುರುವಾಗಿ ಬಾಲದ ಕಡೆ ಮಾಸುತ್ತದೆ. ಇಷ್ಟು ನೋಡಿಯೂ ಖಾತ್ರಿಯಾಗದಿದ್ದರೆ ನೋಟ್ಸಿನಲ್ಲಿ ‘ಫೋಟೊದ ಗುರುತು ಹೇಳಬೇಡಿ, ಲಕ್ಷಣ ಮಾತ್ರ ಹೇಳಿ’ ಎಂದು ಬರೆದುಬಿಡಿ. ಲಕ್ಷಣವೇ ಇಲ್ಲಿ ಮುಖ್ಯ ಕೂಡ: ರಾತ್ರಿ ನೆಲದ ಮೇಲೆ ಮಲಗಿದ್ದವರು, ಕಚ್ಚಿದ ಗುರುತಿಲ್ಲ, ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು.

ಸ್ಲೈಡ್ 9 ತಿಂಗಳುವಾರು ಬಾರ್ ಚಾರ್ಟ್. ಪಕ್ಕದಲ್ಲಿ ಅಳತೆಯೇ ಇಲ್ಲ. ಅದರ ಮೇಲೆ ಒಮ್ಮೆ ಕ್ಲಿಕ್ ಮಾಡಿ: ಮೇಲೆ `Chart Design` ಟ್ಯಾಬ್ ಬಂದರೆ ಒಳಗೆ ಅಂಕಿಗಳು ಇರಬಹುದು, `Edit Data` ಒತ್ತಿ ನೋಡಬಹುದು. `Picture Format` ಬಂದರೆ ಅದು ಬರೀ ಚಿತ್ರ, ಹಿಂದೆ ಏನೂ ಇಲ್ಲ. ಇಲ್ಲಿದ್ದದ್ದು ಚಿತ್ರ. ಹಾಗಿರುವಾಗ ಬಾರ್‌ಗಳನ್ನು ಓದಿ ಹೇಳುವುದು ಬೇಡ. ಸಾವುಗಳಲ್ಲಿ ಸುಮಾರು ಅರ್ಧ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಆಗುತ್ತದೆ ಎನ್ನುವುದು 2020ರ ಲೆಕ್ಕದಲ್ಲಿದೆ. ಅದೊಂದು ಮಾತು ಹೇಳಿ ಮುಂದೆ ಹೋದರೆ ಸಾಕು.

ಈ ಸಭೆಗೆ ಬೇಡದ್ದು

ಸ್ಲೈಡ್ 15ರಲ್ಲಿ ಗಾಜಿನ ಕೊಳವೆಯ ಫೋಟೊ, `20WBCT` ಎಂಬ ಅಕ್ಷರಗಳು. ಇದು ರೋಗಿಯ 2 ಮಿ.ಲೀ. ರಕ್ತವನ್ನು ಒಣಗಿದ, ಹೊಸ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲ್ಲಾಡಿಸದೆ ಇಟ್ಟು, ಹೆಪ್ಪುಗಟ್ಟಿದೆಯೇ ಎಂದು ಓರೆಮಾಡಿ ನೋಡುವ ಪರೀಕ್ಷೆ. ವೈದ್ಯರಿಗೆ ಬೇಕಾದದ್ದು. ಹಳೆಯ ನೋಟ್ಸ್ ವೈದ್ಯರ ತರಬೇತಿಯಿಂದ ಬಂದಿತ್ತು ಎಂದೆವಲ್ಲ, ಅದು ಈ ಸ್ಲೈಡಿನದೇ. ಇದನ್ನೂ, ಚಿಕಿತ್ಸೆಯ ಡೋಸ್ ಇರುವ ಇನ್ನೆರಡನ್ನೂ ಸ್ಲೈಡಿನ ಮೇಲೆ ರೈಟ್ ಕ್ಲಿಕ್ ಮಾಡಿ `Hide Slide` ಒತ್ತಿ ಮುಚ್ಚಿಟ್ಟರೆ ಆಯಿತು. ಅಳಿಸಬೇಡಿ: ಕೆಳಗೆ ನೋಟ್ಸಿನಲ್ಲಿ ‘ವೈದ್ಯರ ಸಭೆಗೆ ಮಾತ್ರ’ ಎಂದು ಒಂದು ಸಾಲು ಬರೆದಿಟ್ಟರೆ ಮುಂದೆ ಬರುವವರಿಗೆ ಯಾಕೆ ಮುಚ್ಚಿದೆ ಎಂದು ತಿಳಿಯುತ್ತದೆ.

ಮೊದಲೇ ಮುಚ್ಚಿಟ್ಟಿದ್ದ ಎರಡರಲ್ಲಿ ಒಂದನ್ನು ಮಾತ್ರ ತೆರೆಯಬೇಕಾಯಿತು. ಅದು ವರದಿ ಮಾಡುವ ಬಗ್ಗೆ ಇತ್ತು. ಕರ್ನಾಟಕದಲ್ಲಿ 2024ರ ಫೆಬ್ರುವರಿಯಿಂದ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿರುವುದರಿಂದ ಆ ಸ್ಲೈಡಿಗೆ ಈಗ ಕೆಲಸವಿದೆ. ಅದರಲ್ಲಿ ಈ ವಿಷಯ ಇಲ್ಲ, ಹಾಗಾಗಿ ನೋಟ್ಸಿನ ಮೊದಲ ಸಾಲೇ ಇದು.

ತೋರಿಸುವ ಸ್ಲೈಡ್ ಈಗ 18.

ಉದ್ದ ಎಷ್ಟಿರಬೇಕು

ನಿಮಿಷಕ್ಕೆ 130 ಪದ ಎಂಬ ಲೆಕ್ಕ ಇಂಗ್ಲಿಷ್ ಭಾಷಣಕ್ಕೆ ಹೇಳುವುದು. ಕನ್ನಡದ ಪದ ಉದ್ದ, ‘ಹೋಗಬೇಕಾಗಿರುವುದರಿಂದ’ ಎಂಬುದೂ ಒಂದೇ ಪದ. ಬರೆದ ಒಂದು ನೋಟ್ಸನ್ನು ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು, ಸಭೆಯಲ್ಲಿ ಮಾತಾಡುವಷ್ಟೇ ನಿಧಾನಕ್ಕೆ ಓದಿ, ನಿಮಿಷಕ್ಕೆ ಎಷ್ಟು ಪದ ಬಂತು ನೋಡಿ. ಅಳೆಯುವ ಮೊದಲು ಅಂದಾಜಿಗೆ 90 ಎಂದು ಹಿಡಿಯಬಹುದು. 30 ನಿಮಿಷಕ್ಕೆ 2,700 ಪದ ಆಯಿತು. ಕ್ಲಿಕ್, ಉತ್ತರ ಕೇಳುವುದು, ನಗು, ಫೋನ್ ರಿಂಗ್ ಎಲ್ಲದಕ್ಕೂ ಮೂರನೇ ಒಂದು ಭಾಗ ಬಿಟ್ಟರೆ ಬರೆಯಬಹುದಾದ್ದು 1,800.

ಅದನ್ನು 18ರಿಂದ ಭಾಗಿಸಿ ಸ್ಲೈಡಿಗೆ ನೂರು ಪದ ಎಂದು ಹಂಚಬಾರದು. ಸ್ಲೈಡ್ 11ಕ್ಕೆ 300 ಹೋಗಲಿ. ಹೆಸರು, ಸ್ವಾಗತದ ಸ್ಲೈಡಿಗೆ 20 ಸಾಕು. ಪ್ರತಿ ನೋಟ್ಸಿನ ತಲೆಯಲ್ಲಿ ಆ ಸ್ಲೈಡ್ ಮುಗಿಯುವಾಗ ಗಡಿಯಾರ ಎಷ್ಟಿರಬೇಕು ಎಂದು ಬರೆಯಿರಿ: `[12:30]`. ‘ಎರಡು ನಿಮಿಷ’ ಎಂದು ಬರೆದರೆ ಮಾತಿನ ಮಧ್ಯೆ ಕೂಡಿಸುತ್ತಾ ಕೂರಬೇಕಾಗುತ್ತದೆ. ಮಾತಾಡುವವರಿಗೆ ಮಾತ್ರ ನೋಟ್ಸ್ ತೋರಿಸುವ ಪ್ರೆಸೆಂಟರ್ ವ್ಯೂನಲ್ಲಿ ಓಡುವ ಗಡಿಯಾರದ ಜೊತೆ ಇದನ್ನು ಒಂದೇ ನೋಟದಲ್ಲಿ ಹೋಲಿಸಬಹುದು.

ಕೋಣೆಯಲ್ಲಿ ಕೆಲಸ ಮಾಡುತ್ತದೆಯೇ

ಪ್ರೊಜೆಕ್ಟರ್ ಇಲ್ಲದೆಯೇ `Alt+F5` ಒತ್ತಿದರೆ ಪ್ರೆಸೆಂಟರ್ ವ್ಯೂ ತೆರೆಯುತ್ತದೆ. ಅದರಲ್ಲೇ ಅಭ್ಯಾಸ ಮಾಡಿ. ನೋಟ್ಸಿನ ಕೆಳಗಿರುವ ಎರಡು `A` ಗುಂಡಿಗಳಲ್ಲಿ ಅಕ್ಷರ ದೊಡ್ಡದು ಮಾಡಿ, ಮಾರು ದೂರದಿಂದ ಓದಲು ಬರುತ್ತದೆಯೇ ನೋಡಿ. ಸ್ಕ್ರೋಲ್ ಮಾಡದೆ ಮಾತಿನ ಭಾಗ ಪೂರ್ತಿ ಕಾಣಬೇಕು. ಕಾಣದಿದ್ದರೆ ಅಕ್ಷರ ಚಿಕ್ಕದು ಮಾಡಬೇಡಿ, ಮಾತು ಕಡಿಮೆ ಮಾಡಿ. ಸ್ಲೈಡ್ 11 ಇದರಲ್ಲಿ ಹಿಡಿಸದೆ ಹೋದಾಗ ಅದನ್ನೇ ಎರಡು ಸ್ಲೈಡ್ ಮಾಡಿ, ‘ಮಾಡಬಾರದ್ದು’, ‘ಮಾಡಬೇಕಾದ್ದು’ ಎಂದು ಒಡೆಯುವುದು ಸರಿಹೋಯಿತು.

ಪ್ರೊಜೆಕ್ಟರ್ ಸಿಕ್ಕಿಸಿದ ಮೇಲೆ `Windows+P` ಒತ್ತಿ `Extend` ಆರಿಸಬೇಕು. `Duplicate` ಆಗಿದ್ದರೆ ಎರಡೂ ಪರದೆಯಲ್ಲಿ ಒಂದೇ ಚಿತ್ರ: ನಿಮ್ಮ ನೋಟ್ಸ್ ನಿಮಗೆ ಕಾಣುವುದಿಲ್ಲ, ಇಲ್ಲವೇ ಎಲ್ಲರಿಗೂ ಕಾಣುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಭೆಗಳಲ್ಲಿ ಲ್ಯಾಪ್‌ಟಾಪ್ ಇನ್ಯಾರದೋ ಆಗಿರುವುದೇ ಹೆಚ್ಚು, ಆದ್ದರಿಂದ `File > Print` ನಲ್ಲಿ `Notes Pages` ಆರಿಸಿ ಒಂದು ಪ್ರತಿ ಕಾಗದದಲ್ಲೂ ಇರಲಿ. ಪ್ರಿಂಟ್ ಒತ್ತುವ ಮೊದಲು ಪ್ರಿವ್ಯೂ ನೋಡಿ. ಉದ್ದದ ನೋಟ್ಸ್ ಪುಟದ ಕೆಳಗೆ ಕತ್ತರಿಸಿ ಹೋಗುತ್ತದೆ, ಹೋಗುವುದು ಅಡ್ಡಗೆರೆಯ ‘ಕೇಳಿದರೆ’ ಸಾಲುಗಳೇ. ಪ್ರಿಂಟಿನಲ್ಲಿ ಅನಿಮೇಷನ್ ಇರುವುದಿಲ್ಲ, ಸ್ಲೈಡಿನ ಎಲ್ಲ ವಸ್ತುಗಳೂ ಒಟ್ಟಿಗೆ ಬೀಳುತ್ತವೆ. ಕ್ಲಿಕ್ ಗುರುತುಗಳನ್ನು ನೋಟ್ಸಿನಲ್ಲಿ ಅಕ್ಷರದಲ್ಲೇ ಬರೆದದ್ದು ಆಗ ಉಪಯೋಗಕ್ಕೆ ಬರುತ್ತದೆ.

ಸಭೆ ಮುಗಿದ ಮೇಲೆ ‘ಮೇಡಂ, ಪಿಪಿಟಿ ಗ್ರೂಪಿಗೆ ಹಾಕಿ’ ಎನ್ನುತ್ತಾರೆ. ಹಾಗೇ ಹಾಕಿದರೆ ‘ಈ ಅಂಕಿ ಹಳೆಯದು’, ‘ಫೋಟೊ ಖಾತ್ರಿಯಿಲ್ಲ’ ಎನ್ನುವ ಸಾಲುಗಳೂ ಹೋಗುತ್ತವೆ. ಇನ್ನೊಂದು ಕಾಪಿ ಮಾಡಿ, `File > Info > Check for Issues > Inspect Document` ಒಳಗೆ ಹೋಗಿ, `Presentation Notes` ಎದುರು `Remove All` ಒತ್ತಿ ಸೇವ್ ಮಾಡಿದ ಫೈಲನ್ನು ಕಳಿಸಿ. ಅದು ಎಲ್ಲ ಸ್ಲೈಡಿನ ನೋಟ್ಸನ್ನೂ ಒಟ್ಟಿಗೆ ಅಳಿಸುತ್ತದೆ, ಸೇವ್ ಮಾಡಿ ಮುಚ್ಚಿದ ಮೇಲೆ ವಾಪಸ್ ಬರುವುದಿಲ್ಲ. ಮುಚ್ಚಿಟ್ಟ ಸ್ಲೈಡುಗಳನ್ನು ಆ ಕಾಪಿಯಿಂದ ಕೈಯಾರೆ ತೆಗೆಯಬೇಕು, ಡೋಸ್ ಇರುವ ಸ್ಲೈಡ್ ವಾಟ್ಸಾಪಿನಲ್ಲಿ ಓಡಾಡುವುದು ಬೇಡ. ನೋಟ್ಸ್ ಇರುವ ಫೈಲಿನ ಹೆಸರಿನಲ್ಲಿ ತಿಂಗಳು, ವರ್ಷ ಇರಲಿ, ಸ್ಲೈಡ್ 1ರ ನೋಟ್ಸಿನಲ್ಲಿ ಯಾವ ಅಂಕಿಗಳನ್ನು ಯಾವಾಗ ಪರಿಶೀಲಿಸಿದ್ದು ಎಂದು ಎರಡು ಸಾಲು.